ಏಪ್ರಿಲ್ ಒಂದಕ್ಕೆ ಬಿಲ್ ನಂಬರ್ ಒಂದು

ಕೇಳುಗರಿಗೆಲ್ಲ ನಮಸ್ಕಾರ. ಮಾರ್ಚ್ 31ರ ರಾತ್ರಿ ಹಳೇ ಬಿಲ್ ಪುಸ್ತಕ ಮುಚ್ಚಿ, ಬೆಳಗ್ಗೆ ಹೊಸದು ತೆಗೆಯುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಈಗ ಆ ಕೆಲಸ ಕಂಪ್ಯೂಟರಿಗೆ ಬಂದಿದೆ. ಗೋಜಲು ಶುರುವಾಗೋದೂ ಅಲ್ಲೇ.

ಮೊದಲು ನಿಯಮ ನೋಡೋಣ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ನಂಬರು ಒಂದರ ಹಿಂದೆ ಒಂದು ಬರಬೇಕು. ಒಂದೇ ಆರ್ಥಿಕ ವರ್ಷದಲ್ಲಿ ಒಂದು ನಂಬರು ಎರಡು ಸಲ ಬರಬಾರದು. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಎಲ್ಲ ಸೇರಿ ಹದಿನಾರು ಮೀರಬಾರದು. ಈ ಹದಿನಾರನ್ನು ಸ್ವಲ್ಪ ಎಣಿಸಿ ನೋಡಿ. ಅಂಗಡಿ ಹೆಸರಿನ ಮೂರು ಅಕ್ಷರ, ಓರೆಗೆರೆ, 2024-25, ಮತ್ತೊಂದು ಓರೆಗೆರೆ, ಆಮೇಲೆ ಐದು ಅಂಕಿ. ಹದಿನೇಳಾಯ್ತು! ವರ್ಷವನ್ನು 24-25 ಅಂತ ಬರೆದರೆ ಹದಿನೈದಕ್ಕೆ ಮುಗಿಯುತ್ತದೆ.

ಆದರೆ ವರ್ಷವನ್ನು ಪೂರ್ತಿ ಬಿಟ್ಟುಬಿಡಬೇಡಿ. ಏಪ್ರಿಲ್‌ನಲ್ಲಿ ಒಂದರಿಂದ ಶುರು ಮಾಡಿದ ಮೇಲೆ, ಗಿರಾಕಿ ಫೋನ್ ಮಾಡಿ "ಏಳನೇ ಬಿಲ್ಲಿನ ದುಡ್ಡು ಹಾಕಿದ್ದೀನಿ" ಅಂದರೆ ಅದು ಯಾವ ವರ್ಷದ ಏಳು?

ಈ ವರ್ಷ ಯಾವುದು ಅನ್ನೋದನ್ನು ಬಿಲ್ಲಿನ ತಾರೀಖೇ ಹೇಳಬೇಕು. ಜನವರಿ, ಫೆಬ್ರವರಿ, ಮಾರ್ಚ್ ಆದರೆ ಇಸವಿಯಲ್ಲಿ ಒಂದು ಕಳೆಯಿರಿ. 2025ರ ಫೆಬ್ರವರಿ ಬಿಲ್ಲು 24-25ಕ್ಕೆ ಸೇರುತ್ತದೆ. ವರ್ಷದ ಮೊತ್ತ ಕೂಡಿಸುವಾಗಲೂ ಇದೇ ಲೆಕ್ಕ. ಗಡಿಯಾರದ ಕಡೆಗೂ ಒಂದು ಕಣ್ಣಿರಲಿ. ಎಷ್ಟೋ ಸರ್ವರುಗಳು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಸಮಯ ಇಟ್ಟುಕೊಂಡಿರುತ್ತವೆ. ಏಪ್ರಿಲ್ ಒಂದರ ಬೆಳಗಿನ ಜಾವ ನಾಲ್ಕಕ್ಕೆ ಮಾಡಿದ ಬಿಲ್ಲು ಅಲ್ಲಿ ಇನ್ನೂ ಮಾರ್ಚ್ 31. ಸರಿಪಡಿಸದಿದ್ದರೆ ಅದು ಸುಮ್ನೆ ಹಳೇ ವರ್ಷಕ್ಕೆ ಹೋಗಿ ಕೂರುತ್ತದೆ.

ಇನ್ನು ನಂಬರು ಯಾಕೆ ತಪ್ಪಿಹೋಗುತ್ತದೆ? ಹೆಚ್ಚಿನ ಸಲ ಕಾರಣ ಅವಸರ. ಬಿಲ್ ಬರೆಯೋಕೆ ಶುರು ಮಾಡಿದ ಕೂಡಲೇ ಸಾಫ್ಟ್‌ವೇರ್ ನಂಬರು ಕೊಟ್ಟುಬಿಡುತ್ತದೆ. ಗಿರಾಕಿ ಬೇಡ ಅಂತ ಹೊರಟರೆ ಬಿಲ್ಲೂ ಹೋಯ್ತು, ನಂಬರೂ ಹೋಯ್ತು. ಅದಕ್ಕೇ ಕರಡು ಬಿಲ್ಲಿಗೆ ನಂಬರು ಬೇಡ. ಎಲ್ಲ ಸರಿಯಿದೆ ಅಂತ ಉಳಿಸುವ ಗಳಿಗೆಯಲ್ಲಿ, ಬಿಲ್ಲು ಮತ್ತು ನಂಬರು ಎರಡೂ ಒಟ್ಟಿಗೆ ದಾಖಲಾಗಬೇಕು. ಒಂದು ಕೆಟ್ಟರೆ ಇನ್ನೊಂದೂ ನಿಲ್ಲಬಾರದು. ಡೇಟಾಬೇಸು ತಾನಾಗಿ ಕೊಡುವ ಕ್ರಮಸಂಖ್ಯೆಯನ್ನೇ ಬಿಲ್ ನಂಬರ್ ಮಾಡುವವರಿದ್ದಾರೆ. ನನ್ನ ಪ್ರಕಾರ ಅದು ಸೋಮಾರಿತನ. ಉಳಿಸೋದು ಅರ್ಧಕ್ಕೆ ಕೆಟ್ಟರೂ ಸಾಮಾನ್ಯವಾಗಿ ಆ ಸಂಖ್ಯೆ ಮುಂದಕ್ಕೆ ಹೋಗಿಬಿಟ್ಟಿರುತ್ತದೆ.

ನಂಬರು ಕೊಟ್ಟ ಮೇಲೆ ತಪ್ಪು ಕಂಡರೆ? ಅಳಿಸಬೇಡಿ, ರದ್ದು ಮಾಡಿ. ನಂಬರು ಹಾಗೇ ಇರಲಿ, ಪಕ್ಕದಲ್ಲಿ 'ರದ್ದು' ಅಂತ ಇರಲಿ, ಮೊತ್ತಕ್ಕೆ ಮಾತ್ರ ಸೇರದಿರಲಿ. ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1 ನಮೂನೆಯ ಹದಿಮೂರನೇ ಕೋಷ್ಟಕ ಇದನ್ನೇ ಕೇಳುತ್ತದೆ. ಯಾವ ನಂಬರಿನಿಂದ ಯಾವ ನಂಬರಿನವರೆಗೆ, ಒಟ್ಟು ಎಷ್ಟು, ರದ್ದಾದದ್ದು ಎಷ್ಟು, ಉಳಿದದ್ದು ಎಷ್ಟು.

ಒಂದು ಮಾರ್ಚ್ ತಿಂಗಳು ತೆಗೆದುಕೊಳ್ಳೋಣ. ಮೊದಲ ಬಿಲ್ಲು 371, ಕೊನೇದು 412. 412ರಲ್ಲಿ 371 ಕಳೆದು ಒಂದು ಕೂಡಿಸಿದರೆ 42. ಅದರಲ್ಲಿ ಎರಡು ರದ್ದಾಗಿದ್ದರೆ ಉಳಿಯೋದು 40. ಈಗ ಕಂಪ್ಯೂಟರಿನಲ್ಲಿರುವ ಬಿಲ್ಲುಗಳನ್ನು, ರದ್ದಾದವನ್ನೂ ಸೇರಿಸಿ, ಎಣಿಸಿ. 41 ಬಂದರೆ ಯಾರೋ ಒಂದನ್ನು ಅಳಿಸಿದ್ದಾರೆ, ಇಲ್ಲವೇ ನಂಬರು ಹಾರಿದೆ. 43 ಬಂದರೆ ಒಂದೇ ನಂಬರು ಎರಡು ಕಡೆ ಇರಬಹುದು. ಈ ಎಣಿಕೆ ಪ್ರತಿ ತಿಂಗಳೂ ಮಾಡಿ, ವರ್ಷದ ಕೊನೆಗೆ ಕಾಯಬೇಡಿ. ಎರಡು ಕೌಂಟರ್ ಇದ್ದರೆ ಎರಡು ಬೇರೆ ಸರಣಿ ಇಟ್ಟುಕೊಳ್ಳಬಹುದು, ನಿಯಮದಲ್ಲಿ ಅವಕಾಶವಿದೆ. ಆಗ ಎಣಿಕೆಯೂ ಬೇರೆ ಬೇರೆ.

ವರ್ಷದ ಅಂಚಿನ ಬಿಲ್ಲುಗಳೇ ಜಾಸ್ತಿ ತಲೆ ತಿನ್ನೋದು. ಮಾರ್ಚ್ 28ಕ್ಕೆ ಒಬ್ಬರ ಯಂತ್ರ ರಿಪೇರಿ ಮುಗಿಸಿದಿರಿ, 40,000 ರೂಪಾಯಿ ಕೆಲಸ. ಬಿಲ್ ಮಾಡಿದ್ದು ಏಪ್ರಿಲ್ 3ಕ್ಕೆ. ಸೇವೆಗೆ ಸಾಮಾನ್ಯವಾಗಿ ಮೂವತ್ತು ದಿನದೊಳಗೆ ಬಿಲ್ ಕೊಟ್ಟರೆ ಸಾಕು, ಹಾಗಾಗಿ ತಪ್ಪೇನಿಲ್ಲ. ತಾರೀಖು ಏಪ್ರಿಲ್ 3, ನಂಬರು ಹೊಸ ಸರಣಿಯದ್ದು, 25-26ರ ನಾಲ್ಕು ಅಂದುಕೊಳ್ಳಿ. ಮುಂಗಡ ಹಣ ಬಂದಿಲ್ಲದಿದ್ದರೆ ಜಿಎಸ್‌ಟಿಯೂ ಏಪ್ರಿಲ್‌ಗೇ. ಹಳೇ ಸರಣಿಗೆ 413 ಅಂತ ತುರುಕಿ ಮಾರ್ಚ್ 31ರ ತಾರೀಖು ಹಾಕುವ ಆಸೆ ಬರುತ್ತದೆ. ಬೇಡ. ಆದರೆ ಸಂದಾಯವಾಗುವ ಮುಂಚೆಯೇ ಗಳಿಕೆ ಬರೆಯುವ ಪದ್ಧತಿಯಲ್ಲಿ ಲೆಕ್ಕ ಇಡುವವರು, ಆ 40,000ವನ್ನು ಮಾರ್ಚ್ ಆದಾಯಕ್ಕೇ ಸೇರಿಸುತ್ತಾರೆ, ಯಾಕೆಂದರೆ ಕೆಲಸ ಮುಗಿದದ್ದು ಆಗ. ಅಂದರೆ ಬಿಲ್ಲುಗಳ ಮೊತ್ತ ಒಂದು, ಖಾತೆಯ ಮೊತ್ತ ಇನ್ನೊಂದು. ಎರಡೂ ಸರಿಯೇ. ನಡುವಿನ ಈ 40,000 ಯಾವ ಬಿಲ್ಲಿನದ್ದು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟರೆ ಲೆಕ್ಕಪರಿಶೋಧಕರು ಕೇಳಿದಾಗ ಹುಡುಕಾಡಬೇಕಿಲ್ಲ.

ಇನ್ನು ಮಾರ್ಚ್‌ನಲ್ಲಿ ಮಾರಿದ ಸರಕು ಏಪ್ರಿಲ್‌ನಲ್ಲಿ ವಾಪಸ್ ಬಂದರೆ 412ನೇ ಬಿಲ್ಲನ್ನು ಮುಟ್ಟಬೇಡಿ. ಏಪ್ರಿಲ್ ತಾರೀಖಿನ ಕ್ರೆಡಿಟ್ ನೋಟ್ ಕೊಡಿ. ಅದಕ್ಕೆ ಅದರದೇ ಸರಣಿ, ಅದೂ ಒಂದರಿಂದ ಶುರು. ಒಳಗೆ ಹಳೇ ಬಿಲ್ಲಿನ ನಂಬರು ಮತ್ತು ತಾರೀಖು ಬರೆಯಿರಿ. ನಮಸ್ಕಾರ.