ಗಿಡ ಆಮೇಲೆ ಎಣಿಸಿ, ಮೊದಲು ಸಂದು ಎಣಿಸಿ

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಹೊತ್ತು ನನಗೆ ಕೊಟ್ಟಿದ್ದಾರೆ, ಅದಕ್ಕೆ ನೇರವಾಗಿ ಲೆಕ್ಕಕ್ಕೇ ಬರುತ್ತೇನೆ. ಬೇಲಿ 180 ಮೀಟರ್ ಉದ್ದ ಇದೆ, ಗಾಳಿತಡೆಗೆ ಅಂತ ಮೂರು ಮೀಟರಿಗೊಂದು ಗಿಡ ಹಾಕಬೇಕು. ಎಷ್ಟು ಸಸಿ ಬೇಕು? ಹಿಂದಿನ ಸಾಲಿನಿಂದ ಅರವತ್ತು ಅಂತ ಕೇಳಿಸಿತು. ಬೇಗ ಹೇಳಿದಿರಿ, ಸಂತೋಷ. ಆದರೆ ಅರವತ್ತು ಅಂದರೆ ಗಿಡ ಅಲ್ಲ, ಸಂದು. ಕೈ ಎತ್ತಿ ನಿಮ್ಮ ಬೆರಳು ನೋಡಿಕೊಳ್ಳಿ. ಬೆರಳು ಐದು, ನಡುವಿನ ಸಂದು ನಾಲ್ಕು. ಸಾಲಿನ ಎರಡೂ ತುದಿಯಲ್ಲಿ ಗಿಡ ಇದ್ದರೆ ಸಂದಿಗಿಂತ ಗಿಡ ಒಂದು ಜಾಸ್ತಿ. ಹಾಗಾಗಿ 61.

ಇದೇನು ಮಹಾ, ಶಾಲೆಯಲ್ಲೇ ಮಾಡಿದ್ದೆವು ಅಂತ ನಗಬೇಡಿ. ಇವತ್ತು ನಾನು ಹೇಳುವುದೆಲ್ಲ ಆ ಸಂದಿನ ಬಗ್ಗೆಯೇ. ಒಂದು ಗಿಡ ಹೆಚ್ಚೋ ಕಡಿಮೆಯೋ ಆದರೆ ಯಾರೂ ಮುಳುಗಿ ಹೋಗುವುದಿಲ್ಲ, ನಿಜ. ಆದರೆ ಗಾಳಿ ಬರುವುದು ಗಿಡದೊಳಗಿಂದ ಅಲ್ಲ, ಸಂದಿನಿಂದ. ಸಂದನ್ನು ಲೆಕ್ಕಕ್ಕೇ ತಗೊಳ್ಳದೆ ಗಿಡ ಮಾತ್ರ ಎಣಿಸುವವರು ಗಾಳಿತಡೆ ಹಾಕುವಾಗ ಎಡವುವುದೇ ಅಲ್ಲಿ.

ನನಗೆ ಇಷ್ಟವಾದ ಒಂದು ಕತೆ ಇದೆ. ಕೆಲವರು ಮೊದಲೇ ಕೇಳಿದ್ದೀರಿ, ಸುಮ್ನೆ ಇನ್ನೊಂದ್ಸಲ ಕೇಳಿ. ಒಂದು ಜಮೀನು, ಗಾಳಿ ಬರುವ ಕಡೆಯ ಬೇಲಿ 184 ಮೀಟರ್. ಯಜಮಾನರಿಗೆ ಅವಸರ, ಮಳೆ ಹಿಡಿಯುವುದರೊಳಗೆ ಗುಂಡಿ ಆಗಬೇಕು. ಇಬ್ಬರು ಮೇಸ್ತ್ರಿಗಳನ್ನು ಕರೆದರು, ಒಬ್ಬ ಆ ತುದಿಯಿಂದ, ಇನ್ನೊಬ್ಬ ಈ ತುದಿಯಿಂದ ಶುರು ಮಾಡಲಿ, ನಡುವೆ ಸೇರಿಕೊಳ್ಳಲಿ ಅಂದರು. ಇಬ್ಬರೂ ಒಳ್ಳೆಯ ಕೆಲಸಗಾರರು. ಮೂರು ಮೀಟರಿನ ಕೋಲು ಹಿಡಿದು ತಪ್ಪದೆ ಗುಂಡಿ ಹಾಕಿಸುತ್ತಾ ಬಂದರು. ನಡುವೆ ಎದುರುಬದುರಾದಾಗ ಕೊನೆಯ ಎರಡು ಗುಂಡಿಗಳ ಮಧ್ಯೆ ನಾಲ್ಕು ಮೀಟರ್ ಉಳಿಯಿತು! ಒಬ್ಬ ಹೇಳಿದ, ಇದ್ದರೆ ಇರಲಿ ಬಿಡಯ್ಯಾ, ಮರ ಬೆಳೆದ ಮೇಲೆ ಯಾರು ಅಳೆಯುತ್ತಾರೆ. ಇನ್ನೊಬ್ಬನಿಗೆ ಅದು ಅವಮಾನ. ನನ್ನ ಸಾಲಿನಲ್ಲಿ ಬಾಯಿ ಬಿಟ್ಟುಕೊಂಡಿರೋದು ಬೇಡ, ಮಧ್ಯೆ ಒಂದು ಹಾಕೋಣ ಅಂದ. ಚಹಾ ಆರುವ ತನಕ ಜಗಳ ಆಯಿತು. ಯಜಮಾನರು ಬಂದು ನಡುವೆ ಒಂದು ಗಿಡ ಹಾಕಿಸಿ ಜಗಳ ಬಿಡಿಸಿದರು. ಅಲ್ಲಿಗೆ ಎರಡು ಮೀಟರಿನ ಎರಡು ಸಂದು.

ಆ ಗಿಡ ಸಾಯಲಿಲ್ಲ. ಆದರೆ ಎರಡು ಕಡೆಯ ನೆರಳು, ಎರಡು ಕಡೆಯ ಬೇರು ಅದರ ಮೇಲೆ ಬಿದ್ದು, ಬೆಳಕು ಹುಡುಕಿಕೊಂಡು ಕಡ್ಡಿಯ ಹಾಗೆ ಮೇಲಕ್ಕೆ ಹೋಯಿತು. ಅಕ್ಕಪಕ್ಕದವೂ ಅದರ ಕಡೆಗಿದ್ದ ಕೊಂಬೆ ಕಳೆದುಕೊಂಡವು. ತುಂಬಿಸಲು ಹಾಕಿದ ಗಿಡದಿಂದಲೇ ಕೆಳಗಡೆ ಕಿಂಡಿ ಆಯಿತು.

ಹಾಗಾದರೆ ಏನು ಮಾಡಬೇಕಿತ್ತು? ಇಬ್ಬರದ್ದೂ ತಪ್ಪಲ್ಲ, ಲೆಕ್ಕ ಹಾಕದೆ ಕೋಲು ಕೊಟ್ಟಿದ್ದು ತಪ್ಪು. 184ನ್ನು ಮೂರರಿಂದ ಭಾಗಿಸಿ, 61 ಚಿಲ್ಲರೆ ಬರುತ್ತದೆ. ಸಂದಿನ ಸಂಖ್ಯೆ ಪೂರ್ಣ ಇರಬೇಕು, ಅಂತರ ಪೂರ್ಣ ಇರಬೇಕಾಗಿಲ್ಲ. ಸಂದು 61 ಅಂತ ಗಟ್ಟಿ ಮಾಡಿಕೊಂಡು, ಈಗ 184ನ್ನು 61ರಿಂದ ಭಾಗಿಸಿ. ಮೂರು ಮೀಟರ್ ಒಂದೂವರೆ ಸೆಂಟಿಮೀಟರ್ ಚಿಲ್ಲರೆ. ಜಗಳಕ್ಕೆ ಕಾರಣವಾದ ಆ ಒಂದು ಮೀಟರನ್ನು ಎಲ್ಲ ಸಂದುಗಳಿಗೂ ಹಂಚಿದರೆ ಒಂದೊಂದಕ್ಕೆ ಬೆರಳಿನ ದಪ್ಪವೂ ಬರುವುದಿಲ್ಲ. ಗಿಡ 62.

ಇನ್ನೊಂದು ವಿಷಯ. ಕೋಲನ್ನು ಗಿಡದಿಂದ ಗಿಡಕ್ಕೆ ಮಗುಚುತ್ತಾ ಹೋಗಬೇಡಿ. ಪ್ರತಿ ಸಲ ಎರಡು ಸೆಂಟಿಮೀಟರ್ ತಪ್ಪಿದರೂ 61 ಸಲಕ್ಕೆ ಒಂದು ಮೀಟರ್ ದಾಟುತ್ತದೆ. ಮೊದಲು ಉದ್ದದ ಟೇಪು ಹಿಡಿದು ಶುರುವಿನ ಗೂಟದಿಂದಲೇ ಅಳೆದು, ಹತ್ತು ಸಂದಿಗೊಂದರಂತೆ ದೊಡ್ಡ ಗೂಟ ಹೊಡೆಯಿರಿ. ಈ ಜಮೀನಿನಲ್ಲಾದರೆ 30.16, ಆಮೇಲೆ 60.33, ಹೀಗೆ. ಆಮೇಲೆ ಆ ಹತ್ತರ ಒಳಗೆ ಕೋಲು ಬಳಸಿ, ತಪ್ಪಿದರೂ ಅಲ್ಲಲ್ಲೇ ಸರಿಹೋಗುತ್ತದೆ. ಹಗ್ಗಕ್ಕೆ ಗಂಟು ಹಾಕಿ ಅಳೆಯುವವರಿದ್ದೀರಿ. ನೆನೆದಾಗ ಒಂದು ಉದ್ದ, ಒಣಗಿದಾಗ ಇನ್ನೊಂದು ಉದ್ದ, ಅದನ್ನು ನಂಬಬೇಡಿ.

ಈಗ ಮೂರೇ ಮೀಟರ್ ಯಾಕೆ ಅನ್ನೋ ಪ್ರಶ್ನೆ. ಇಲ್ಲಿ ಮತ್ತೆ ಸಂದಿಗೇ ಬರಬೇಕು. ಗಾಳಿತಡೆ ಅಂದ ಕೂಡಲೇ ಗೋಡೆಯ ಹಾಗೆ ಒತ್ತಾಗಿ ಹಾಕಿದಷ್ಟೂ ಒಳ್ಳೆಯದು ಅಂತ ಅನಿಸುತ್ತದೆ, ಅಲ್ವಾ? ಅಲ್ಲ. ಒಂದಿಷ್ಟೂ ಸಂದಿಲ್ಲದ ತಡೆಗೆ ಬಡಿದ ಗಾಳಿ ಪೂರ್ತಿ ಮೇಲೆ ಹಾರಿ, ಆ ಕಡೆ ಸ್ವಲ್ಪ ದೂರದಲ್ಲೇ ಸುಳಿ ಸುತ್ತಿಕೊಂಡು ಕೆಳಗೆ ಇಳಿಯುತ್ತದೆ. ಬೆಳೆ ಮಲಗುವುದು ಅಲ್ಲೇ. ಸ್ವಲ್ಪ ಗಾಳಿ ಮರಗಳ ಒಳಗಿಂದ ನಿಧಾನವಾಗಿ ದಾಟಿ ಹೋದರೆ, ಮೇಲಿನಿಂದ ಬಂದ ಗಾಳಿ ಅಷ್ಟು ಬೇಗ ಕೆಳಗೆ ಬೀಳುವುದಿಲ್ಲ, ಆಶ್ರಯ ದೂರದವರೆಗೆ ಸಿಗುತ್ತದೆ. ಬೆಳೆದ ಸಾಲನ್ನು ದೂರ ನಿಂತು ನೋಡಿದರೆ ಆಚೆಯ ಬೆಳಕು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಭಾಗದಲ್ಲಿ ಕಾಣಬೇಕು, ಅದೂ ಚದುರಿದ ಹಾಗೆ, ಮೇಲಿಂದ ಕೆಳಗಿನವರೆಗೆ. ಒಂದೇ ಕಡೆ ದೊಡ್ಡದಾಗಿ ಕಂಡರೆ ಅಲ್ಲಿ ಗಾಳಿ ಇನ್ನೂ ಜೋರಾಗಿ ನುಗ್ಗುತ್ತದೆ.

ಹಾಗಾಗಿ ಅಂತರ ನಿರ್ಧಾರ ಮಾಡುವುದು ಕೈಯಲ್ಲಿರುವ ಸಸಿ ನೋಡಿ ಅಲ್ಲ, ಮರವಾದಾಗ ಅದರ ಹರವು ನೋಡಿ. ಸಿಲ್ವರ್ ಓಕಿನಂಥ ನೆಟ್ಟಗೆ ಹೋಗುವ ಮರಕ್ಕೆ ಒಂಟಿ ಸಾಲಿನಲ್ಲಿ ಮೂರು ಮೀಟರ್ ಆಸುಪಾಸು ಸರಿ. ಸರ್ವೆ ಇನ್ನೂ ತೆಳ್ಳಗೆ, ಅದನ್ನು ಹತ್ತಿರ ಹಾಕಬಹುದು. ಕೆಳಗಿನ ಕೊಂಬೆಗಳನ್ನು ಸೌದೆಗೆ ಅಂತ ಸವರಿಬಿಡಬೇಡಿ. ಬುಡ ಬರಿದಾದರೆ ಕಾಂಡಗಳ ನಡುವೆ ಗಾಳಿ ಓಡುತ್ತದೆ, ಬೆಳೆ ಇರುವುದೂ ಅದೇ ಎತ್ತರದಲ್ಲಿ. ಮರ ತಾನಾಗಿಯೇ ಬುಡ ಬರಿದು ಮಾಡಿಕೊಳ್ಳುವ ಜಾತಿಯಾದರೆ ಮುಂದೆ ಗ್ಲಿರಿಸಿಡಿಯಾದಂಥ ಗಿಡ್ಡ ಸಾಲು ಕೊಡಿ.

ಆಶ್ರಯ ಎಷ್ಟು ದೂರ ಅಂದರೆ, ಅದನ್ನು ಮರದ ಎತ್ತರದಲ್ಲಿ ಅಳೆಯುತ್ತಾರೆ. ಎತ್ತರದ ಐದರಿಂದ ಹತ್ತು ಪಟ್ಟು ದೂರದವರೆಗೆ ಚೆನ್ನಾಗಿ ಸಿಗುತ್ತದೆ, ಇಪ್ಪತ್ತು ಪಟ್ಟಿನ ಹೊತ್ತಿಗೆ ತೀರಾ ಕಡಿಮೆಯಾಗುತ್ತದೆ. ಹತ್ತು ಮೀಟರ್ ಮರವಾದರೆ ನೂರು ಮೀಟರ್ ಅಂತ ಇಟ್ಟುಕೊಳ್ಳಿ. ಸಾಲಿನ ತುದಿಯೂ ಒಂದು ಸಂದೇ, ಮರೆಯಬೇಡಿ! ಗಾಳಿ ತುದಿ ಸುತ್ತಿ ಒಳಗೆ ಬರುತ್ತದೆ. ಅದಕ್ಕೇ ಸಾಲಿನ ಉದ್ದ ಎತ್ತರದ ಹತ್ತು ಪಟ್ಟಿಗಿಂತ ಕಡಿಮೆ ಇದ್ದರೆ ಒಳಗಿನ ಆಶ್ರಯ ಬೇಗ ಮೊಟಕಾಗುತ್ತದೆ.

ಈಗ ಅದೇ 184 ಮೀಟರ್ ಜಮೀನನ್ನು ಸರಿಯಾಗಿ ಮಾಡೋಣ. ಅಳೆದಿದ್ದು ಬೇಲಿ. ಪಕ್ಕದವರ ಬದುವಿಗೆ ಅಂಟಿಕೊಂಡು ಮರ ಹಾಕಿದರೆ ಮುಂದೆ ಬೇರು, ನೆರಳು, ಮಾತು, ಎಲ್ಲ ಶುರು. ಎರಡೂ ತುದಿಯಲ್ಲಿ ಎರಡೆರಡು ಮೀಟರ್ ಬಿಟ್ಟರೆ ಸಾಲಿನ ಉದ್ದ 180. ಸಂದು 60, ಗಿಡ 61, ನಾವು ಶುರು ಮಾಡಿದ ಲೆಕ್ಕ. ನಡುವೆ ಆರು ಮೀಟರ್ ಗೇಟು ಇದೆ. ಗೇಟಿನ ಕಂಬದಿಂದ ಒಂದೂವರೆ ಮೀಟರ್ ದೂರದಲ್ಲಿ ಗಿಡ ಬರಲಿ, ಅಂದರೆ ಗಿಡದಿಂದ ಗಿಡಕ್ಕೆ ಒಂಬತ್ತು ಮೀಟರ್. ಒಂಬತ್ತು ಮೀಟರ್ ಅಂದರೆ ಮೂರು ಸಂದು. ಎಷ್ಟು ಗಿಡ ಕಡಿಮೆ ಆಯಿತು? ಮೂರು ಅಂದವರು ಇನ್ನೊಮ್ಮೆ ಬೆರಳು ನೋಡಿ. ಮೂರು ಸಂದಿನ ಒಳಗೆ ಇರುವುದು ಎರಡೇ ಗಿಡ. ಹಾಗಾಗಿ 59. ತಾಳೆ ನೋಡಬೇಕಾದರೆ, 180ರಲ್ಲಿ ಒಂಬತ್ತು ಕಳೆದರೆ 171, ಅದು ಈಗ ಎರಡು ತುಂಡು, ಒಟ್ಟು ಸಂದು 57, ತುಂಡಿಗೆ ಒಂದರಂತೆ ಎರಡು ಸೇರಿಸಿ. ಮತ್ತೆ 59.

ಆದರೆ ಆ ಒಂಬತ್ತು ಮೀಟರ್ ಬಾಯಿ ಇದೆಯಲ್ಲ, ಗಾಳಿ ಬರುವ ದಿಕ್ಕಿಗೇ ಇದೆ. ಆಗುವುದಾದರೆ ಗೇಟನ್ನು ಬೇರೆ ಬದಿಗೆ ಹಾಕಿ. ಆಗದಿದ್ದರೆ, ಗಾಡಿ ತಿರುಗುವಷ್ಟು ಜಾಗ ಬಿಟ್ಟು ಒಳಗಡೆ ಒಂದು ತುಂಡು ಸಾಲು ಕೊಡಿ. ಬಾಯಿಯ ಎರಡೂ ಕಡೆಗೆ ಆರಾರು ಮೀಟರ್ ಚಾಚಿರಲಿ. ಅಲ್ಲಿಗೆ 21 ಮೀಟರ್, ಏಳು ಸಂದು, ಎಂಟು ಗಿಡ. ಒಟ್ಟು 67. ಸತ್ತ ಜಾಗಕ್ಕೆ ಹಾಕಲು ಶೇಕಡಾ ಹತ್ತರಷ್ಟು ಜಾಸ್ತಿ ತನ್ನಿ, ಏಳು ಸಸಿ. ಅವನ್ನು ದೊಡ್ಡ ಚೀಲಕ್ಕೆ ಬದಲಾಯಿಸಿ ಬೆಳೆಸುತ್ತಿರಿ. ಒಂದು ವರ್ಷ ಬಿಟ್ಟು ಸಣ್ಣ ಸಸಿ ತಂದು ಹಾಕಿದರೆ ಅದು ಉಳಿದವುಗಳ ನೆರಳಿನಿಂದ ಏಳುವುದೇ ಕಷ್ಟ. ಒಂಟಿ ಸಾಲಿನಲ್ಲಿ ಒಂದು ಗಿಡ ಹೋದರೆ ಆರು ಮೀಟರ್ ಕಿಂಡಿ, ಅಂದರೆ ಇನ್ನೊಂದು ಗೇಟು ಇಟ್ಟ ಹಾಗೆ.

ಚೀಟಿ ಬಂತು. ಹತ್ತು ನಿಮಿಷ ಅಂತ ಇದೆಯೋ ಎರಡು ನಿಮಿಷವೋ, ಅಕ್ಷರ ಸರಿಯಾಗಿಲ್ಲ. ಎರಡು ಅಂತಲೇ ಅಂದುಕೊಳ್ಳುತ್ತೇನೆ.

ಜಾಗ ಇದ್ದವರು ಎರಡು ಸಾಲು ಹಾಕಿ, ಹಿಂದಿನ ಸಾಲಿನ ಗಿಡ ಮುಂದಿನ ಸಂದಿಗೆ ಸರಿಯಾಗಿ ಬರಲಿ. ಸಂದಿಗೊಂದು ಗಿಡ, ಆದ್ದರಿಂದ ಹಿಂದಿನ ಸಾಲಿಗೆ ತುಂಡಿಗೊಂದು ಕಡಿಮೆ. ನಮ್ಮ ಲೆಕ್ಕದಲ್ಲಿ 59 ಮತ್ತು 57. ಒಂದು ಗಿಡ ಸತ್ತರೂ ಹಿಂದಿನದು ಅಲ್ಪಸ್ವಲ್ಪ ಮುಚ್ಚುತ್ತದೆ. ನಾಲ್ಕೂ ಸುತ್ತ ಹಾಕುವವರು ಒಂದನ್ನು ಸೇರಿಸಲೇಬೇಡಿ. 180 ಬೈ 120 ಸಾಲಿನ ಸುತ್ತಳತೆ 600, ಸಂದು 200, ಗಿಡವೂ 200. ಒಂದೊಂದು ಬದಿಯನ್ನು ಬೇರೆ ಬೇರೆ ಎಣಿಸಿ ಬರೆದವರು 204 ತರುತ್ತಾರೆ, ಮೂಲೆ ಗಿಡಗಳನ್ನು ಎರಡೆರಡು ಸಲ ಎಣಿಸಿರುತ್ತಾರೆ.

ದಾರಿ ಬದಿಯ ಸಾಲುಮರದ ಬಗ್ಗೆ ಹೇಳಬೇಕಿತ್ತು, ಹೊತ್ತಿಲ್ಲ. ಅಲ್ಲಿ ಗಾಳಿ ತಡೆಯುವ ಕೆಲಸವಿಲ್ಲ, ಹರವಿಗೆ ಹರವು ತಾಗಿದರೆ ಸಾಕು, ದೊಡ್ಡ ಜಾತಿಗೆ ಹತ್ತು ಮೀಟರ್ ಬೇಕಾಗುತ್ತದೆ. ತಿರುವಿನಲ್ಲಿ, ಕೂಡುರಸ್ತೆಯಲ್ಲಿ ಬರುವವರು ಕಾಣುವಂತೆ ಮುಂಚೆಯೇ ಸಾಲು ನಿಲ್ಲಿಸಿ. ಎಣಿಕೆ ಮಾತ್ರ ಇದೇ, ದಾರಿಯ ಎರಡೂ ಬದಿಗೆ ಬೇರೆ ಬೇರೆ.

ಪ್ರಶ್ನೆ ಇದ್ದವರು ಊಟದ ಸಾಲಿನಲ್ಲೇ ಹಿಡಿದುಕೊಳ್ಳಿ. ನಿಮ್ಮ ಜಮೀನಿನ ಉದ್ದ ಹೇಳುವಾಗ ಬೇಲಿಯ ಉದ್ದವೋ ಗಿಡದ ಸಾಲಿನ ಉದ್ದವೋ ಅಂತ ಮೊದಲೇ ಹೇಳಿ, ಗೇಟು ಎಲ್ಲಿದೆ ಅಂತಲೂ ಹೇಳಿ. ಇಲ್ಲದಿದ್ದರೆ ಅನ್ನ ಆರುತ್ತದೆ, ಲೆಕ್ಕ ಮುಗಿಯುವುದಿಲ್ಲ.