ಅಂಗಡಿಗೆ ಗೂಡ್ಸ್ ಗಾಡಿ: ಮೊದಲು ತೂಕ, ಆಮೇಲೆ ಬೆಲೆ

ಕೇಳುಗರಿಗೆ ನಮಸ್ಕಾರ.

ಅಂಗಡಿಗೆಂದು ಸಣ್ಣ ಗೂಡ್ಸ್ ಗಾಡಿ ಕೊಳ್ಳುವವರು ಶೋರೂಮಿಗೆ ಹೋದೊಡನೆ ಬೆಲೆ, ಮೈಲೇಜು, ಸಾಲದ ಕಂತು ಕೇಳುತ್ತಾರೆ. ಅದಕ್ಕಿಂತ ಮುಂಚೆ ಮನೆಯಲ್ಲೇ ಕೂತು ಮಾಡಬೇಕಾದ ಒಂದು ಲೆಕ್ಕವಿದೆ. ಒಂದು ಸಲಕ್ಕೆ ನಾವು ಎಷ್ಟು ತೂಕ ಹೇರುತ್ತೇವೆ ಎಂಬ ಲೆಕ್ಕ ಅದು.

ಗುಬ್ಬಿಯಲ್ಲಿ ಒಂದು ದಿನಸಿ ಅಂಗಡಿ ಇದೆ ಎಂದುಕೊಳ್ಳಿ. ಮಾಲು ಬರುವುದು ತುಮಕೂರಿನಿಂದ. ಒಂದು ಸಲಕ್ಕೆ 25 ಕೆಜಿಯ ಅಕ್ಕಿ ಚೀಲ 14, ಅಂದರೆ 350 ಕೆಜಿ. 50 ಕೆಜಿಯ ಸಕ್ಕರೆ ಮೂಟೆ ಮೂರು, 150. ಬೇಳೆ ಎರಡು ಮೂಟೆ, 100. ಎಣ್ಣೆ ಡಬ್ಬ, ಸೋಪು, ಬಿಸ್ಕತ್ತಿನ ಬಾಕ್ಸು ಎಲ್ಲ ಸೇರಿ ಇನ್ನೊಂದು 150. ಒಟ್ಟು 750 ಕೆಜಿ ಆಯಿತು. ಮುಕ್ಕಾಲು ಟನ್ ಗಾಡಿ ಸಾಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಎಡವುವುದು ಇಲ್ಲೇ.

ಗಾಡಿಯ ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತಾರೆ: ಖಾಲಿ ಗಾಡಿಯ ತೂಕ, ಹೇರಿದ ಮೇಲೆ ಮೀರಬಾರದ ಒಟ್ಟು ತೂಕ. ಒಟ್ಟು 1600, ಖಾಲಿ 850 ಇದ್ದರೆ ಉಳಿಯುವುದು 750. ಆದರೆ ಕಾನೂನಿನ ಪ್ರಕಾರ ಖಾಲಿ ತೂಕದಲ್ಲಿ ಡ್ರೈವರೂ ಜೊತೆಯಾಳೂ ಸೇರುವುದಿಲ್ಲ. ಇಬ್ಬರಿಗೆ 130 ಕೆಜಿ ಕಳೆಯಿರಿ. ಆಮೇಲೆ ಹಾಕಿಸುವ ಕಬ್ಬಿಣದ ಜಾಲರಿ, ಟಾರ್ಪಾಲು, ಹಗ್ಗಕ್ಕೆ 60. ಮಾಲಿಗೆ ದಕ್ಕುವುದು 560 ಕೆಜಿ ಮಾತ್ರ. ನಮ್ಮ ಮಾಲು ಇನ್ನೂ 190 ಕೆಜಿ ಹೆಚ್ಚೇ ಇದೆ.

ಸಿಎನ್‌ಜಿ ಗಾಡಿಯಲ್ಲಿ ಇದು ಇನ್ನೂ ಕಡಿಮೆಯಾಗುತ್ತದೆ, ಸಿಲಿಂಡರಿನ ತೂಕವೇ ಬಹಳ. ಮಾರುತಿ ಸೂಪರ್ ಕ್ಯಾರಿಯ ಪೆಟ್ರೋಲ್ ಗಾಡಿ 740 ಕೆಜಿ ಹೊರುತ್ತದೆ ಎಂದರೆ, ಅದರದೇ ಸಿಎನ್‌ಜಿ ಗಾಡಿ 625 ಕೆಜಿ. ಇಂಧನದಲ್ಲಿ ಉಳಿತಾಯ ನಿಜ. ಆದರೆ 115 ಕೆಜಿ ಎಂದರೆ ನಾಲ್ಕೂವರೆ ಅಕ್ಕಿ ಚೀಲ.

ಹಾಗಾಗಿ ಈ ಅಂಗಡಿಗೆ ನನ್ನ ಸಲಹೆ ಒಂದೂಕಾಲು ಟನ್ ಆಸುಪಾಸಿನ ಗಾಡಿ. ದೋಸ್ತ್, ಇಂಟ್ರಾ, ಬೊಲೆರೊ ಪಿಕಪ್ ಇಂಥವು. 1200 ಕೆಜಿಯಲ್ಲಿ ಇಬ್ಬರು ಆಳು, ಜಾಲರಿ, ಟಾರ್ಪಾಲು, ಹಗ್ಗ ಸೇರಿ 190 ಕಳೆದರೂ ಮಾಲಿಗೆ 1010 ಉಳಿಯುತ್ತದೆ. ದಿನದ ಹೇರು ಅದರ ಮುಕ್ಕಾಲು ಭಾಗ ಇದ್ದರೆ ಗಾಡಿ ಬಹಳ ವರ್ಷ ಬಾಳುತ್ತದೆ. ದೀಪಾವಳಿ, ಯುಗಾದಿಗೆ ಮಾಲು ಇಮ್ಮಡಿಯಾಗುತ್ತದೆಂದು ಇನ್ನೂ ದೊಡ್ಡ ಗಾಡಿಗೆ ಹೋಗಬೇಡಿ. ಆ ನಾಲ್ಕು ದಿನಕ್ಕೆ ಬಾಡಿಗೆ ಗಾಡಿಯೇ ಅಗ್ಗ. ಅಂಗಡಿ ಇಕ್ಕಟ್ಟಾದ ಓಣಿಯಲ್ಲಿದ್ದು ದೊಡ್ಡ ಗಾಡಿ ತಿರುಗದಿದ್ದರೆ ಮಾತ್ರ ಸಣ್ಣದನ್ನೇ ಕೊಂಡು ಎರಡು ಸಲ ಓಡಿಸಿ.

ಮಿತಿ ಮೀರಿ ಹೇರಿದರೆ ಏನಾಗುತ್ತದೆ? ಮೊದಲು ಹಿಂದಿನ ಪಟ್ಟಿ ಸ್ಪ್ರಿಂಗುಗಳು ಬಾಗು ಕಳೆದುಕೊಂಡು ನೇರವಾಗುತ್ತವೆ. ಖಾಲಿ ಇದ್ದಾಗಲೂ ಬಾಗು ಮರಳದಿದ್ದರೆ ಅವು ಸೋತಿವೆ ಎಂದರ್ಥ. ಹಿಂದಿನ ಟೈರು ಕಾದು, ಎರಡು ಅಂಚಿನಲ್ಲಿ ಬೇಗ ಸವೆಯುತ್ತದೆ. ಏರಿನಲ್ಲಿ ಸುಟ್ಟ ವಾಸನೆ ಬಂದರೆ, ಅಥವಾ ಇಂಜಿನ್ ಅಬ್ಬರಿಸಿದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಎಲ್ಲಕ್ಕಿಂತ ಅಪಾಯದ್ದು ಬ್ರೇಕ್: ತೂಕ ಹೆಚ್ಚಿದಷ್ಟೂ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000.

ತೂಕ ಮಿತಿಯೊಳಗಿದ್ದರೂ ಹೇರುವ ಕ್ರಮ ತಪ್ಪಿದರೆ ತೊಂದರೆಯೇ. ಅಕ್ಕಿ, ಸಕ್ಕರೆ, ಎಣ್ಣೆ ಕ್ಯಾಬಿನ್ನಿನ ಬೆನ್ನಿಗೆ ಒತ್ತಿಕೊಂಡು ಕೆಳಗಿರಲಿ. ಬಿಸ್ಕತ್ತು, ಮಂಡಕ್ಕಿಯಂಥ ಹಗುರ ಮಾಲು ಹಿಂದಕ್ಕೆ, ಮೇಲಕ್ಕೆ. ಮೂಟೆಗಳು ಹಿಂದಿನ ಚಕ್ರದ ಆಚೆ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ.

ಟೆಸ್ಟ್ ಡ್ರೈವನ್ನು ಖಾಲಿ ಗಾಡಿಯಲ್ಲಿ ಮಾಡಬೇಡಿ. ನಿಮ್ಮದೇ ಮಾಲು ಹೇರಿಸಿ, ಮೊದಲು ವೇ ಬ್ರಿಡ್ಜಿನಲ್ಲಿ ತೂಗಿಸಿ. ಆಮೇಲೆ ಒಂದು ಏರಿನ ನಡುವೆ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯಿರಿ. ಗಾಡಿ ಹಿಂದೆ ಸರಿಯಬಾರದು, ಮತ್ತೆ ಮೊದಲ ಗೇರಿನಲ್ಲಿ ತಡವರಿಸದೆ ಏರಬೇಕು.

ಇನ್ನು ಕಾಗದಪತ್ರ. ಒಟ್ಟು ತೂಕ 3000 ಕೆಜಿ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ. ಒಂದೇ ಹೆಸರಿನ ಪಿಕಪ್ಪಿನಲ್ಲೂ ಕೆಲವು ಮಾದರಿ ಈ ಗೆರೆ ದಾಟುತ್ತವೆ, ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ. ಲೈಸೆನ್ಸಿನ ವಿಷಯದಲ್ಲಿ, ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್ ಇದ್ದವರು 7500 ಕೆಜಿಗಿಂತ ಕಡಿಮೆ ಒಟ್ಟು ತೂಕದ ಸಾಗಣೆ ಗಾಡಿಯನ್ನೂ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಫ್‌ಸಿಯನ್ನು ಮೊದಲ ಎಂಟು ವರ್ಷ ಎರಡೆರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು.

ನಮಸ್ಕಾರ.