ಈದ್ ಸಂಜೆಯ ಬಾಗಿಲು

ಕೇಳುಗರಿಗೆ ನಮಸ್ಕಾರ. ಈದ್‌ ದಿನ ಬೆಳಿಗ್ಗೆ ನಮಾಜ್ ಮುಗಿಸಿ ಬರುವ ಹೊತ್ತಿಗೆ ಮನೆ ಹೇಗಿದ್ದರೂ ನಡೆಯುತ್ತದೆ, ಹಗಲಿನ ಬೆಳಕೇ ಸಾಕು. ಅಲಂಕಾರದ ಕೆಲಸ ಶುರುವಾಗುವುದು ಮಗ್ರಿಬ್ ಆದ ಮೇಲೆ. ನೆಂಟರು ಒಬ್ಬೊಬ್ಬರಾಗಿ ಬರುತ್ತಾರೆ, ಕತ್ತಲಲ್ಲಿ ಮೊದಲು ಕಾಣುವುದು ನಮ್ಮ ಬಾಗಿಲು. ಇವತ್ತು ಆ ಬಾಗಿಲಿನ ಬಗ್ಗೆ ಮಾತ್ರ ಮಾತಾಡುತ್ತೇನೆ.

ಒಂದು ವರ್ಷ ನಾನು ಬಾಗಿಲಿಗೆ ಆರು ಲಾಟೀನು ತೂಗುಹಾಕಿದ್ದೆ. ಮಿನುಗುವ ಬಣ್ಣದ ದೀಪದ ಸರ ಬೇರೆ. ದೂರದಿಂದ ನೋಡಿದರೆ ತುಂಬಾ ಚೆಂದ. ಸಂಜೆ ನಮ್ಮ ಖಾಲಾ ಬಂದರು. ಎರಡನೇ ಮೆಟ್ಟಿಲಿನ ಹತ್ತಿರ ಕಾಲು ತಡವರಿಸಿ ಗೋಡೆ ಹಿಡಿದುಕೊಂಡರು. ಪುಣ್ಯಕ್ಕೆ ಬೀಳಲಿಲ್ಲ. ಅವರು ಒಳಗೆ ಹೋಗಿ ಕೂತ ಮೇಲೆ ನಾನು ಹೊರಗೆ ಬಂದು ಅದೇ ಜಾಗದಲ್ಲಿ ನಿಂತು ನೋಡಿದೆ. ಲಾಟೀನುಗಳೆಲ್ಲ ಸರಿಯಾಗಿ ಕಣ್ಣಿನ ಎತ್ತರದಲ್ಲಿದ್ದವು. ಒಳಗಿನ ಬಲ್ಬು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಕಣ್ಣು ಆ ಬೆಳಕಿಗೆ ಹೊಂದಿಕೊಂಡಿತ್ತು, ಅದಕ್ಕೇ ಕೆಳಗಿನ ಮೆಟ್ಟಿಲು ಕಪ್ಪಾಗಿ ಕಾಣುತ್ತಿತ್ತು. ದೀಪ ಇಷ್ಟೊಂದಿದ್ದರೂ ಕಾಲಿಡುವ ಜಾಗದಲ್ಲಿ ಮಾತ್ರ ಕತ್ತಲೆ!

ಆಮೇಲಿಂದ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ದೀಪ ಮೊಣಕಾಲಿಗಿಂತ ಕೆಳಗಿರಬೇಕು, ಇಲ್ಲವೇ ತಲೆಗಿಂತ ಮೇಲಿರಬೇಕು. ನಡುವೆ ಬೇಡ. ಮೇಲೆ ತೂಗುಹಾಕುವ ಲಾಟೀನಿನ ತಳ ನೆಲದಿಂದ ಏಳು ಅಡಿ ಇರಲಿ, ಎತ್ತರದವರು ಬಂದರೂ ತಲೆಗೆ ತಾಗುವುದಿಲ್ಲ. ಆರು ಲಾಟೀನು ಹೋಗಿ ಈಗ ಮೂರೇ ಇವೆ. ಅದರಲ್ಲಿ ಎರಡು ಲಾಟೀನು ಮೆಟ್ಟಿಲಿನ ಎರಡೂ ಬದಿಗೆ, ಗೋಡೆಗೆ ಒತ್ತಿ, ನೆಲದ ಮೇಲೆ ನಿಲ್ಲುತ್ತವೆ. ಅವುಗಳ ಬೆಳಕು ಮೆಟ್ಟಿಲಿನ ಅಂಚಿನ ಮೇಲೆಯೇ ಬೀಳುತ್ತದೆ. ಮೂರನೆಯದು ಮೂಲೆಯಲ್ಲಿ, ಮೇಲೆ. ಗಾಜಿನ ಒಳಬದಿಗೆ ಬಟರ್ ಪೇಪರ್ ಅಂಟಿಸಿದ್ದೇನೆ. ಬಲ್ಬು ಕಾಣುವುದಿಲ್ಲ, ಇಡೀ ಲಾಟೀನೇ ಮೆತ್ತಗೆ ಹೊಳೆಯುತ್ತದೆ. ಈ ಒಂದು ಕಾಗದ ಮಾಡುವಷ್ಟು ವ್ಯತ್ಯಾಸವನ್ನು ದುಬಾರಿ ಲಾಟೀನು ಕೂಡ ಮಾಡುವುದಿಲ್ಲ.

ಕಾಗದ ಇರುವಲ್ಲಿ ಮೇಣದ ಬತ್ತಿ ಬೇಡವೇ ಬೇಡ. ಬಾಗಿಲು ತೆರೆದಾಗಲೆಲ್ಲ ಗಾಳಿ ನುಗ್ಗುತ್ತದೆ, ದುಪಟ್ಟಾ ಹಾರುತ್ತದೆ, ಮಕ್ಕಳು ಓಡಾಡುತ್ತಾರೆ. ಬ್ಯಾಟರಿಯ ಎಲ್‌ಇಡಿ ದೀಪ ಸಾಕು. ಕೊಳ್ಳುವಾಗ ಹಳದಿ ಛಾಯೆಯದು ನೋಡಿ, ಪೊಟ್ಟಣದ ಮೇಲೆ 2700K ಎಂದು ಇರುತ್ತದೆ. 6500K ಎಂದಿದ್ದರೆ ಅದು ನೀಲಿ ಬಿಳಿ ಬೆಳಕು, ಲಾಟೀನಿನೊಳಗೆ ಹಾಕಿದರೆ ಟ್ಯೂಬ್‌ಲೈಟಿನಂತೆ ಕಾಣುತ್ತದೆ. ಬ್ಯಾಟರಿ ಮುಗಿಯುತ್ತಾ ಬಂದಂತೆ ಬೆಳಕು ನಿಧಾನವಾಗಿ ಕುಂದುತ್ತದೆ, ಮನೆಯಲ್ಲೇ ಇರುವ ನಮಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೇ ಸಂಜೆ ಹಚ್ಚುವ ಮುಂಚೆ ಹೊಸ ಸೆಲ್ ಹಾಕಿಬಿಡುತ್ತೇನೆ. ಅಂದಹಾಗೆ, ನಾವು ಕನ್ನಡದಲ್ಲಿ ಕಂದೀಲು ಅಂತೀವಲ್ಲ, ಆ ಮಾತು ಅರಬ್ಬಿಯ ‘ಕಿಂದೀಲ್’ನಿಂದ ಬಂದದ್ದು. ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಈಗ ಚಂದ್ರನ ವಿಷಯ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ರಂಜಾನ್ ಈದ್‌ನ ಚಂದ್ರ ಎಂದರೆ ಸಂಜೆಯ ಚಂದ್ರ. ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಕೆಳಗೆ ಕಾಣುತ್ತಾನೆ. ಬೆಳಗುವ ಬದಿ ಯಾವಾಗಲೂ ಸೂರ್ಯನ ಕಡೆಗೆ. ಸೂರ್ಯ ದಿಗಂತದ ಕೆಳಗಿರುವುದರಿಂದ ಚಂದ್ರನ ಹೊಟ್ಟೆ ಕೆಳಗೆ, ಎರಡು ಕೊಂಬು ಮೇಲಕ್ಕೆ. ಭೂಮಧ್ಯರೇಖೆಯ ಹತ್ತಿರದ ನಾಡುಗಳಲ್ಲಿ ದೋಣಿಯಂತೆ ಮಲಗಿರುತ್ತಾನೆ. ಉತ್ತರಕ್ಕೆ ಹೋದಷ್ಟೂ ಹೊಟ್ಟೆ ಬಲಕ್ಕೆ ವಾಲುತ್ತದೆ. ಆದರೆ ಅಲಂಕಾರದಲ್ಲಿ ಸಾಮಾನ್ಯವಾಗಿ ಕಾಣುವುದು ಇಂಗ್ಲಿಷಿನ ಸಿ ಅಕ್ಷರದಂಥ ಚಂದ್ರ, ಹೊಟ್ಟೆ ಎಡಕ್ಕೆ. ಉತ್ತರಾರ್ಧ ಗೋಳದಲ್ಲಿ ಅದು ತಿಂಗಳ ಕೊನೆಯಲ್ಲಿ ಬೆಳಗಿನ ಜಾವ ಕಾಣುವ, ಕ್ಷೀಣಿಸುವ ಚಂದ್ರ. ಹಾಗೆ ಹಾಕಿದರೆ ತಪ್ಪು ಅಂತ ಯಾರೂ ಹೇಳುವುದಿಲ್ಲ. ಆದರೂ ಒಂದು ತಿಂಗಳ ಉಪವಾಸ ಮುಗಿಸಿ ಆಕಾಶದಲ್ಲಿ ಹುಡುಕಿದ ಚಂದ್ರನೇ ಬಾಗಿಲ ಮೇಲೂ ಇರಲಿ ಅನ್ನುವುದು ನನ್ನ ಆಸೆ. ಬಕ್ರೀದ್ ಮಾತು ಬೇರೆ, ಅದು ತಿಂಗಳ ಹತ್ತನೇ ದಿನ, ಆಗ ಆಕಾಶದ ಚಂದ್ರ ಅರ್ಧಕ್ಕಿಂತ ಜಾಸ್ತಿ ತುಂಬಿರುತ್ತಾನೆ.

ಚಂದ್ರನನ್ನು ಮನೆಯಲ್ಲೇ ಮಾಡಬಹುದು. ಗಟ್ಟಿ ರಟ್ಟು ತೆಗೆದುಕೊಳ್ಳಿ. ದಾರಕ್ಕೆ ಪೆನ್ಸಿಲ್ ಕಟ್ಟಿ 20 ಸೆಂಟಿಮೀಟರ್ ತ್ರಿಜ್ಯದ ಒಂದು ವೃತ್ತ ಎಳೆಯಿರಿ. ಅದರ ನಡುವಿನ ಚುಕ್ಕಿಯಿಂದ 6 ಸೆಂಟಿಮೀಟರ್ ಪಕ್ಕಕ್ಕೆ ಇನ್ನೊಂದು ಚುಕ್ಕಿ ಇಡಿ. ಅಲ್ಲಿಂದ 16 ಸೆಂಟಿಮೀಟರ್ ತ್ರಿಜ್ಯದ ಎರಡನೇ ವೃತ್ತ. ಎರಡನೇ ವೃತ್ತದ ಒಳಗಿರುವುದನ್ನು ಕತ್ತರಿಸಿ ತೆಗೆದರೆ ಚಂದ್ರ ಉಳಿಯುತ್ತಾನೆ. ಹೊಟ್ಟೆಯ ಹತ್ತಿರ 10 ಸೆಂಟಿಮೀಟರ್ ದಪ್ಪ, ಕೊಂಬಿನ ತುದಿಗಳ ನಡುವೆ ಸುಮಾರು 26. ಎರಡನೇ ಚುಕ್ಕಿಯನ್ನು 4 ಸೆಂಟಿಮೀಟರ್‌ಗಿಂತ ಹತ್ತಿರ ಇಟ್ಟರೆ ಬಾಯಿ ತೆರೆಯುವುದೇ ಇಲ್ಲ, ಬಳೆಯಾಗುತ್ತದೆ. ನನಗೆ ಮೊದಲ ಸಲ ಆದದ್ದು ಅದೇ. ಕೊಂಬುಗಳು ಸಣ್ಣಗಿರುವುದರಿಂದ ತೇವಕ್ಕೆ ಬಾಗುತ್ತವೆ, ಹಿಂದುಗಡೆ ತಂತಿಯೊಂದನ್ನು ಅದೇ ಬಾಗಿನಲ್ಲಿ ಟೇಪ್ ಮಾಡಿ. ನಕ್ಷತ್ರ ಬೇಕೆಂದರೆ ಕೊಂಬುಗಳಿಂದ ಸ್ವಲ್ಪ ದೂರ, ಹೊರಗೆ ಇರಲಿ. ಕೊಂಬುಗಳ ನಡುವೆ ಇರುವುದು ಚಂದ್ರನದೇ ಕತ್ತಲ ಭಾಗ, ಅಲ್ಲಿ ನಕ್ಷತ್ರ ಹೇಗೆ ಕಾಣಬೇಕು, ಅಲ್ವಾ?

ತೂಗುಹಾಕುವುದು ಎರಡೂ ಕೊಂಬುಗಳಿಂದ, ಎರಡು ದಾರದಲ್ಲಿ. ಒಂದೇ ದಾರವಾದರೆ ಗಾಳಿಗೆ ತಿರುಗುತ್ತಲೇ ಇರುತ್ತದೆ, ಅರ್ಧ ಹೊತ್ತು ಅತಿಥಿಗಳಿಗೆ ಬರೀ ರಟ್ಟಿನ ಬೆನ್ನು ಕಾಣುತ್ತದೆ. ಕೊಂಬು ಮೇಲಿರುವ ಚಂದ್ರನಿಗೆ ಇದು ಸಲೀಸು.

ಬೆಳಕಿಗೆ ದೀಪದ ಸರವನ್ನು ಚಂದ್ರನ ಹಿಂದೆ, ಅಂಚಿನಿಂದ ಒಂದಿಂಚು ಒಳಗೆ ಅಂಟಿಸಿ. ಹಿಂದೆ ಎರಡಿಂಚಿನ ಥರ್ಮಾಕೋಲ್ ತುಂಡುಗಳನ್ನಿಟ್ಟು ಗೋಡೆಯಿಂದ ಅಷ್ಟು ದೂರ ನಿಲ್ಲಿಸಿ. ಗೋಡೆಗೆ ಅಂಟಿಕೊಂಡರೆ ಒಂದೊಂದು ಬಲ್ಬೂ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ಅಂತರವಿದ್ದರೆ ಬೆಳಕು ಹರಡಿ ಸುತ್ತ ಪ್ರಭೆಯಾಗುತ್ತದೆ. ಇದು ಬಿಳಿ ಅಥವಾ ತಿಳಿ ಬಣ್ಣದ ಗೋಡೆಗೆ ಮಾತ್ರ. ಗಾಢ ಬಣ್ಣದ ಗೋಡೆ ಬೆಳಕನ್ನು ನುಂಗಿಬಿಡುತ್ತದೆ. ಅಲ್ಲಿ ಸರವನ್ನು ಮುಂಭಾಗದ ಅಂಚಿಗೇ ಸುತ್ತುವುದು ಮೇಲು. ಮಿನುಗುವ ಗುಂಡಿ ಒತ್ತಬೇಡಿ, ಸ್ಥಿರವಾಗಿ ಉರಿಯಲಿ. ವಯಸ್ಸಾದವರಿಗೆ ಮಿನುಗುವ ಬೆಳಕಿನಲ್ಲಿ ಮೆಟ್ಟಿಲು ಹತ್ತುವುದು ಕಷ್ಟ. ಕರೆಂಟಿನ ಸರವಾದರೆ ಅಡಾಪ್ಟರ್ ಒಳಗಿರಲಿ, ವೈರು ಹೊಸ್ತಿಲ ಮೇಲೆ ಹಾಯದೆ ಚೌಕಟ್ಟಿನ ಮೇಲಿಂದ ಬರಲಿ.

ಬಾಗಿಲ ಪಕ್ಕದಲ್ಲಿ ಒಂದು ಸ್ಟೂಲ್ ಇಡಿ. ಅದು ಹೂಕುಂಡ ಇಡಲಿಕ್ಕಲ್ಲ. ಮಂಡಿನೋವಿನವರು ಕೂತು ಚಪ್ಪಲಿ ಬಿಚ್ಚಲಿಕ್ಕೆ. ನೆಲದ ಲಾಟೀನಿನಿಂದ ಎರಡಡಿ ದೂರವಿದ್ದರೆ ಸೀರೆಯ ಸೆರಗು, ಬುರ್ಖಾದ ಅಂಚು ಸಿಕ್ಕಿಕೊಳ್ಳುವುದಿಲ್ಲ.

ಇಷ್ಟನ್ನೂ ಹಿಂದಿನ ರಾತ್ರಿಯೇ, ಚಾಂದ್ ರಾತ್‌ನ ಕತ್ತಲಲ್ಲೇ ಹಚ್ಚಿ ನೋಡಿ. ಗೇಟಿನಿಂದ ನಡೆದು ಬನ್ನಿ, ಮಗುವಿನ ಎತ್ತರಕ್ಕೆ ಬಗ್ಗಿಯೂ ಒಮ್ಮೆ ಬನ್ನಿ. ಕಣ್ಣು ಕಿರಿದಾಗಿಸಬೇಕು ಅನ್ನಿಸಿದ ಜಾಗದಲ್ಲಿ ದೀಪ ಸರಿಯಿಲ್ಲ ಎಂದರ್ಥ.

ಈದ್ ಸಂಜೆ ಮೋಡವಿಲ್ಲದಿದ್ದರೆ ಪಡುವಣದ ಕಡೆ ನೋಡಿ. ನಿನ್ನೆ ಕೂದಲೆಳೆಯಂತಿದ್ದ ಚಂದ್ರ ಇವತ್ತು ಕೊಂಚ ದಪ್ಪಗಾಗಿ, ಇನ್ನೂ ಮೇಲೆ ನಿಂತಿರುತ್ತಾನೆ, ಮುಳುಗುವುದೂ ಮುಕ್ಕಾಲು ಗಂಟೆಯಷ್ಟು ತಡ. ಕಳೆದ ಸಲ ಖಾಲಾ ಒಂದು ಕೈಯಿಂದ ನನ್ನ ಭುಜ ಹಿಡಿದು, ಬಾಗಿಲ ಚಂದ್ರನನ್ನೊಮ್ಮೆ, ಆಕಾಶದ ಚಂದ್ರನನ್ನೊಮ್ಮೆ ನೋಡಿ, “ಎರಡೂ ಒಂದೇ ಥರ ಮಲಗಿವೆ ಕಣೋ” ಅಂದರು. ಅವರು ಹೊರಟಾಗ ರಾತ್ರಿ ಹತ್ತಾಗಿತ್ತು. ಒಳಗಿನ ಜೋರು ಬೆಳಕಿನಿಂದ ಕತ್ತಲಿಗೆ ಬಂದವರ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅದಕ್ಕೇ ಅವರು ಗೇಟು ದಾಟಿ ಹೋದ ಮೇಲೆಯೇ ನಾನು ಮೆಟ್ಟಿಲಿನ ಲಾಟೀನು ಆರಿಸಿದ್ದು.